ಅನ್ನ ಬಿಟ್ಟ ಅಮ್ಮನ ಐದು ನೀರುದೋಸೆ

ಅಮ್ಮ ಅನ್ನ ಬಿಟ್ಟು ಮೂರು ತಿಂಗಳಾದರೂ ಅವಳ ಸಕ್ಕರೆ ಇಳಿಯಲಿಲ್ಲ. ತಪ್ಪು ರಕ್ತ ಪರೀಕ್ಷೆಯ ಯಂತ್ರದ್ದೇ ಎಂದು ನಮ್ಮ ಮನೆಯಲ್ಲಿ ಒಮ್ಮತದ ತೀರ್ಮಾನವಾಗಿತ್ತು.

ಅಮ್ಮ ಕಾಪು ಮಾರುಕಟ್ಟೆಯಲ್ಲಿ ಮೀನು ಮಾರುವವಳು. ವರ್ಷಗಟ್ಟಲೆ ಮಣೆಯ ಮೇಲೆ ಕೂತು ಕೂತು ಬಲ ಮೊಣಕಾಲಿನ ಗಂಟು ಸವೆದುಹೋಗಿದೆ. ಬುಟ್ಟಿ ಖಾಲಿಯಾದ ಮೇಲೆ ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಬಂಗುಡೆಗೆ ಚೌಕಾಸಿ ಮಾಡಿದ ಗಿರಾಕಿಯ ಕೈಯನ್ನೇ ಹಿಡಿದು ಏಳುವುದೆಂದರೆ ಅವಳಿಗೆ ಮರ್ಯಾದೆಯ ಪ್ರಶ್ನೆ. ಮಣಿಪಾಲದ ಮೂಳೆ ಡಾಕ್ಟರು ಗಂಟು ಬದಲಿಸಲು ಒಪ್ಪಿದ್ದರು. "ಆದರೆ ಅಮ್ಮ, ಮೂರು ತಿಂಗಳ ಸಕ್ಕರೆಯ ಸರಾಸರಿ ಒಂಬತ್ತೂವರೆ ಉಂಟು. ಎಂಟರ ಕೆಳಗೆ ಬಂದರೆ ಮಾತ್ರ ಆಪರೇಷನ್. ಇಲ್ಲದಿದ್ದರೆ ಗಾಯ ಒಣಗುವುದು ಕಷ್ಟ, ಕೀವು ಹಿಡಿಯಬಹುದು" ಎಂದಿದ್ದರು.

ನನಗೋ ಮಿಮಿಕ್ರಿಯ ಚಟ. ಮೆಹೆಂದಿ ಕಾರ್ಯಕ್ರಮಗಳಲ್ಲಿ ಮೈಕ್ ಸಿಕ್ಕಿದರೆ ಮದುಮಗಳ ಮಾವನನ್ನೂ ಬಿಡುವವನಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ಡಾಕ್ಟರ ಗಡಸು ದನಿ ತೆಗೆದು "ಎಂಟರ ಕೆಳಗೆ ಬಂದರೆ ಮಾತ್ರ!" ಎಂದೆ. ಅಮ್ಮ ಉಡುಪಿ ಬರುವ ತನಕ ನಕ್ಕಳು. ಡಾಕ್ಟರ ದನಿ ಅವಳಿಗೆ ಬಾಯಿಪಾಠವಾಯಿತು. ಅವರು ಹೇಳಿದ ಊಟದ ಕ್ರಮ ಮಾತ್ರ ನನ್ನಿಂದಾಗಿಯೇ ಅವಳ ತಲೆಗೆ ಹೋಗಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದವಳು ಕಾರ್ಕಳದ ಚಿಕ್ಕಮ್ಮ. "ಅಕ್ಕ, ನೀನು ಅನ್ನ ಬಿಡು. ಬೇರೆ ಎಂತ ಬೇಕಾದರೂ ತಿನ್ನು" ಎಂದು ಫೋನಿನಲ್ಲೇ ಚಿಕಿತ್ಸೆ ಮುಗಿಸಿದಳು. ಅಮ್ಮ ಅಕ್ಷರಶಃ ಪಾಲಿಸಿದಳು. ಮೂರು ತಿಂಗಳ ನಂತರ ಬಂದದ್ದು ಒಂಬತ್ತು ಬಿಂದು ಮೂರು.

ಈ ಸಲ ಡಾಕ್ಟರು ನಮ್ಮನ್ನು ಪಥ್ಯದ ಮೇಡಂ ಹತ್ತಿರ ಕಳಿಸಿದರು. ಚಿಕ್ಕ ಕೋಣೆ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಇಡ್ಲಿ, ಪ್ಲಾಸ್ಟಿಕ್ಕಿನ ಬಾಳೆಹಣ್ಣು. ಅಮ್ಮ ಇಡ್ಲಿಯನ್ನು ಒತ್ತಿ ನೋಡಿ ಕೈ ಒರೆಸಿಕೊಂಡಳು.

"ನಿನ್ನೆ ಬೆಳಗ್ಗಿನಿಂದ ಏನೇನು ತಿಂದಿರಿ ಅಮ್ಮ?" ಮೇಡಂ ಪೆನ್ನು ಹಿಡಿದರು.

"ಎಂತದೂ ಇಲ್ಲ. ಅನ್ನ ಮುಟ್ಟಿಯೇ ಇಲ್ಲ."

"ಅನ್ನ ಬಿಟ್ಟು ಬೇರೆ?"

"ಬೇರೆ ಎಂತ ತಿನ್ನುವುದು ಮೇಡಂ, ಹೀಗೆ ಬಾಯಿಗೆ ಸ್ವಲ್ಪ."

ಇಂಥ ಅವಕಾಶ ಬಿಡಲು ನನ್ನಿಂದಾಗುವುದಿಲ್ಲ. ಎದ್ದು ನಿಂತೆ, ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ, ಬಲಗಾಲನ್ನು ಎಳೆದೆ. ಅಮ್ಮನ ದನಿ ತಾನಾಗಿ ಬಂತು.

"ಬೆಳಗ್ಗೆ ನೀರುದೋಸೆ. ಅದು ಕಾಗದದ ಹಾಗಲ್ವಾ, ಐದು ತಿಂದರೂ ಒಂದರ ಲೆಕ್ಕ. ಹತ್ತು ಗಂಟೆಗೆ ಮಾರ್ಕೆಟಲ್ಲಿ ಉಪ್ಪು ಹಾಕಿದ ಗಂಜಿತಿಳಿ, ಅದು ನೀರೇ ಮಾರಾಯ. ಮಧ್ಯಾಹ್ನ ಅನ್ನ ಇಲ್ಲವೇ ಇಲ್ಲ. ಹಬೆಯಲ್ಲಿ ಬೇಯಿಸಿದ ನಾಲ್ಕು ಪುಂಡಿ ಮಾತ್ರ. ಎಲ್ಲರದ್ದೂ ಊಟವಾದ ಮೇಲೆ ಪಾತ್ರೆಯ ಅಡಿಯಲ್ಲಿ ಎರಡು ಸೌಟು ಉಳೀತದೆ, ಅದನ್ನು ಬಿಸಾಡಲಿಕ್ಕೆ ಆಗ್ತದಾ? ಉಳಿದದ್ದನ್ನು ಖಾಲಿ ಮಾಡುವುದು ಊಟ ಅಲ್ಲ, ಕೆಲಸ. ರಾತ್ರಿ ಒತ್ತು ಶಾವಿಗೆ. ಜೊತೆಗೆ ಜೀಗುಜ್ಜೆ ಪಲ್ಯ, ತರಕಾರಿ ತಿನ್ನಲಿಕ್ಕೆ ಹೇಳಿದ್ದಾರಲ್ಲ!"

ಮೇಡಂ ನಕ್ಕರು. ನಗುತ್ತಲೇ ಎಲ್ಲವನ್ನೂ ಬರೆದುಕೊಂಡರು. ಬರೆದು ಮುಗಿಸುವ ಹೊತ್ತಿಗೆ ಅವರ ಮುಖದಲ್ಲಿ ನಗು ಇರಲಿಲ್ಲ.

"ಅಮ್ಮ, ಇದರಲ್ಲಿ ಅಕ್ಕಿ ಇಲ್ಲದ್ದು ಯಾವುದು?"

ಅಮ್ಮ ಬೆರಳು ಮಡಚಿ ಒಂದೊಂದನ್ನೇ ಎಣಿಸಿದಳು. "ಜೀಗುಜ್ಜೆ."

"ಆ ದೀವಿಹಲಸೂ ಪಿಷ್ಟವೇ. ಅದು ಅನ್ನದ ಪಾಲಿಗೆ ಸೇರಬೇಕು, ತರಕಾರಿ ಪಾಲಿಗಲ್ಲ. ಮೀನು?"

"ಒಂದು ತುಂಡು. ಮಾರಲಿಕ್ಕೆ ಬೇಕಲ್ಲ."

ಇಷ್ಟು ವರ್ಷ ಅರ್ಧ ಕಾಪುವಿಗೆ ಮೀನು ತಿನ್ನಿಸಿದವಳ ಬಟ್ಟಲಲ್ಲಿ ಒಂದು ತುಂಡು, ಅದೂ ತಲೆಯ ಕಡೆಯದ್ದು. ಆ ಗುಟ್ಟು ನನ್ನ ಮಿಮಿಕ್ರಿಯಲ್ಲೂ ಬಂದಿರಲಿಲ್ಲ.

ಮೇಡಂ ಅನ್ನ ಬಿಡಿ ಎನ್ನಲಿಲ್ಲ. ಕಾಗದದ ಮೇಲೆ ಊಟದ ಬಟ್ಟಲು ಬರೆದು ಗೆರೆ ಎಳೆದರು. ಅರ್ಧ ಭಾಗ ಬಸಳೆ, ತೊಂಡೆಕಾಯಿ, ಹರಿವೆಯಂಥ ತರಕಾರಿ. ಕಾಲು ಭಾಗ ಮೀನು, ಮೀನಿಲ್ಲದ ದಿನ ಹೆಸರುಕಾಳು. ಉಳಿದ ಕಾಲು ಭಾಗಕ್ಕೆ ಮಾತ್ರ ಅನ್ನ, ಒಂದು ಸಣ್ಣ ಲೋಟ ಅಳೆದು. "ಕುಚ್ಚಲಕ್ಕಿಯೇ ಆಗಲಿ. ಬಿಳಿ ಅನ್ನಕ್ಕಿಂತ ಸ್ವಲ್ಪ ನಿಧಾನಕ್ಕೆ ಸಕ್ಕರೆ ಏರಿಸ್ತದೆ. ಕೆಂಪು ಉಂಟೆಂದು ರಾಶಿ ಹಾಕಬೇಡಿ. ಮೊದಲು ತರಕಾರಿ, ಮೀನು ತಿನ್ನಿ, ಕೊನೆಗೆ ಅನ್ನ. ದೋಸೆ, ಪುಂಡಿ, ಶಾವಿಗೆ ತಿಂದ ಹೊತ್ತಿನಲ್ಲಿ ಅನ್ನ ಇಲ್ಲ, ಅದನ್ನೂ ಅನ್ನದಷ್ಟೇ ಅಳತೆಯಲ್ಲಿ. ತಿಳಿ ಅಂದರೆ ಬರೀ ನೀರಲ್ಲ, ಅಕ್ಕಿಯ ಪಿಷ್ಟ ಅದರಲ್ಲೇ ಇಳಿದಿರ್ತದೆ. ಹಾಗಂತ ಸಕ್ಕರೆ ಕಾಯಿಲೆಯ ಮಾತ್ರೆ ತಗೊಂಡು ಊಟ ತಪ್ಪಿಸಬೇಡಿ."

ಕೊನೆಯ ಮಾತಿಗೆ ಅಮ್ಮ ಬೆಚ್ಚಿದಳು. ಚಿಕ್ಕಮ್ಮನ ಇನ್ನೊಂದು ಸಲಹೆಯಂತೆ ಒಂದು ದಿನ ಮಧ್ಯಾಹ್ನದ ಊಟ ಬಿಟ್ಟು, ಬೆವತು, ನಡುಗಿ, ಬೆಲ್ಲ ತಿಂದು ಸುಧಾರಿಸಿಕೊಂಡದ್ದನ್ನು ಈಗಷ್ಟೇ ಹೇಳಿದಳು, ನನಗೂ ಗೊತ್ತಿರಲಿಲ್ಲ. ಮಾತ್ರೆ ನುಂಗಿ ಉಪವಾಸ ಕೂತದ್ದಕ್ಕೇ ಸಕ್ಕರೆ ಹಾಗೆ ಕುಸಿದದ್ದು ಎಂದರು ಮೇಡಂ.

ಬಸ್ಸಿನಲ್ಲಿ ಅಮ್ಮ ನಗಲಿಲ್ಲ. ಕಟಪಾಡಿ ದಾಟಿದ ಮೇಲೆ ಒಂದೇ ಮಾತು ಹೇಳಿದಳು: "ನಾಲ್ಕು ಪುಂಡಿ ಅಲ್ಲ, ಐದು." ಜೀವನದಲ್ಲಿ ಮೊದಲ ಸಲ, ನನ್ನ ಮಿಮಿಕ್ರಿಗೆ ತಿದ್ದುಪಡಿ ಬಂದಿತ್ತು.

ಮರುದಿನದಿಂದ ಮನೆಯಲ್ಲಿ ಒಂದು ಸ್ಟೀಲಿನ ಲೋಟದ ಆಡಳಿತ. ಬುಟ್ಟಿ ಹೊರುವ ಮೊದಲೇ ತನಗೆಂದು ಎರಡು ಬಂಗುಡೆ ಬದಿಗಿಡಲು ಶುರು ಮಾಡಿದಳು, ಕದ್ದವಳಂತೆ ಆಚೆ ಈಚೆ ನೋಡುತ್ತಾ. ಎಲ್ಲರ ಕೊನೆಗೆ ಉಣ್ಣುತ್ತಿದ್ದವಳು ಈಗ ನಮ್ಮ ಜೊತೆಗೇ ಕೂತಳು. ಪಾತ್ರೆಯ ತಳದ ಅನ್ನ ನನ್ನ ಪಾಲಿಗೆ ಬಂತು. ನಾನು ಅದನ್ನು ತ್ಯಾಗವೆಂದು ಬಗೆದು ಉಂಡೆ.

ಕಾರ್ಕಳಕ್ಕೆ ಹೋದಾಗ ಚಿಕ್ಕಮ್ಮ ಹೌಹಾರಿದಳು. "ಅಕ್ಕ, ನೀನು ಅನ್ನ ತಿನ್ತೀಯಾ? ಸಕ್ಕರೆ ಉಂಟಲ್ಲ!"

"ಅನ್ನ ಬಿಟ್ಟರೂ ಇಳಿಯಲಿಲ್ಲವಲ್ಲ" ಎಂದಳು ಅಮ್ಮ.

"ಹಾಗಾದರೆ ಕೋರಿ ರೊಟ್ಟಿ ಮಾಡಿದ್ದೇನೆ, ಅದು ಗರಿಗರಿ, ಅನ್ನ ಅಲ್ಲವೇ ಅಲ್ಲ."

ಅಮ್ಮ ಚೀಲದಿಂದ ಲೋಟ ತೆಗೆದಳು. ಅಕ್ಕಿಯ ಆ ರೊಟ್ಟಿಯನ್ನು ಪುಡಿ ಮಾಡಿ ಲೋಟದಲ್ಲಿ ಅಳೆಯುವವಳನ್ನು ಕಾರ್ಕಳ ಅಂದೇ ನೋಡಿದ್ದಿರಬೇಕು. ಚಿಕ್ಕಮ್ಮ ಎರಡು ವಾರ ಫೋನ್ ಮಾಡಲಿಲ್ಲ. ಅದೂ ಚಿಕಿತ್ಸೆಗೆ ಒಳ್ಳೆಯದೇ ಆಯಿತು.

ಮತ್ತೆ ಮೂರು ತಿಂಗಳು ಕಳೆದು ಅದೇ ಕೋಣೆ, ಅದೇ ಪ್ಲಾಸ್ಟಿಕ್ಕಿನ ಇಡ್ಲಿ. ರಕ್ತದ ವರದಿ ಮೇಡಂ ಕೈಯಲ್ಲಿತ್ತು, ಮಡಚಿದ್ದು. ಬಿಡಿಸುವ ಮೊದಲು ಕೇಳಿದರು: "ನಿನ್ನೆ ಏನೇನು ತಿಂದಿರಿ?" ನಾನು ಸೆರಗು ಸಿಕ್ಕಿಸಲು ಎದ್ದೆ.

"ನೀನು ಕೂತ್ಕೊ" ಎಂದಳು ಅಮ್ಮ. ತಾನೇ ಒಂದೊಂದಾಗಿ ಹೇಳಿದಳು. ಎರಡು ದೋಸೆ, ಬಸಳೆ, ಬಂಗುಡೆ ಪುಳಿಮುಂಚಿ ಸಾರು, ಒಂದು ಲೋಟ ಅನ್ನ. ಸಂಜೆ ಪಕ್ಕದ ಮನೆಯವರು ಕೊಟ್ಟ ಅಕ್ಕಿಹಿಟ್ಟಿನ ಪತ್ರೊಡೆ ಒಂದು ತುಂಡು, ಅದನ್ನೂ ಮುಚ್ಚಿಡಲಿಲ್ಲ. "ಇನ್ನು ಇವನದ್ದು ಕೇಳಿ ಮೇಡಂ" ಎಂದು ಕುರ್ಚಿಯಲ್ಲೇ ಹೊಟ್ಟೆ ಮುಂದೆ ಮಾಡಿ, ಕಣ್ಣು ಮೊಬೈಲಿನಲ್ಲಿಟ್ಟು, ಬಾಯಿಗೆ ತುತ್ತಿನ ಮೇಲೆ ತುತ್ತು ತುಂಬುತ್ತಾ "ಅಮ್ಮಾ, ಇನ್ನೊಂದು ಸೌಟು... ತಳದ್ದೂ ಹಾಕು" ಎಂದಳು. ನನ್ನದೇ ದನಿ.

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು ವರದಿ ಬಿಡಿಸಿದರು. ಏಳು ಬಿಂದು ಏಳು. ಡಾಕ್ಟರು ಮುಂದಿನ ತಿಂಗಳಿಗೆ ಆಪರೇಷನ್ನಿನ ದಿನ ಕೊಟ್ಟರು. ನನಗೂ ರಕ್ತ ಪರೀಕ್ಷೆಗೆ ಒಂದು ಚೀಟಿ ಸಿಕ್ಕಿತು, ನಾನು ಕೇಳಿರಲಿಲ್ಲ.

ಹೊರಡುವಾಗ ಅಮ್ಮ ಏಳಲು ಕೈ ಚಾಚಿದಳು. ನಾನು ಹಿಡಿದೆ.

"ಹಿಡಿ, ಹಿಡಿ. ಇನ್ನು ಸ್ವಲ್ಪ ದಿನ ಮಾತ್ರ" ಎಂದವಳು ನನ್ನ ಚೀಟಿಯತ್ತ ಕಣ್ಣು ಹಾಯಿಸಿ, ಮೂಳೆ ಡಾಕ್ಟರ ಗಡಸು ದನಿಯಲ್ಲಿ ಸೇರಿಸಿದಳು: "ಇವತ್ತಿನಿಂದ ನಿನಗೂ ಒಂದೇ ಲೋಟ!"

ಒಪ್ಪಿಕೊಳ್ಳಲು ಕಷ್ಟ, ಆದರೆ ಆ ದನಿ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ.