ಪೋರ್ಟಲ್ ತೆರೆಯದ ದಿನ ನಾನು ಬರೆಸಿದ ಮೆಸೇಜ್

ಕೊಣ್ಣೂರಿನಲ್ಲಿ ನಮ್ಮ ಬಾಜೂ ಮನೆಯ ಹುಡುಗಿ ಗೋಕಾಕದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಇಂಗ್ಲಿಷಿನಲ್ಲಿ ಏನಾದರೂ ಬರೆಯಬೇಕಾದರೆ ನನ್ನ ಹತ್ತಿರ ಬರುತ್ತಿದ್ದಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ಎಂಬ ಹೆಸರು ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಸುಳ್ಳೇಕೆ, ಅದು ನನಗೆ ಹಿತವೂ ಆಗಿತ್ತು.

ಆ ದಿನ ಹನ್ನೊಂದರಿಂದ ಹನ್ನೆರಡರವರೆಗೆ ಅವಳಿಗೆ ಕಾಲೇಜಿನ ಪೋರ್ಟಲಿನಲ್ಲಿ ಆನ್‌ಲೈನ್ ಇಂಟರ್ನಲ್ ಟೆಸ್ಟ್ ಇತ್ತು. ಹಿಂದಿನ ಟೆಸ್ಟ್ ಟೈಫಾಯ್ಡಿನಿಂದಾಗಿ ತಪ್ಪಿತ್ತು. ಇದೂ ತಪ್ಪಿದರೆ ಆ ವಿಷಯದ ಇಂಟರ್ನಲ್ ಮಾರ್ಕ್ಸ್ ಸೊನ್ನೆ.

ಹನ್ನೊಂದೂಕಾಲಿಗೆ ಮೊಬೈಲ್ ಹಿಡಿದು ಓಡಿ ಬಂದಳು.

"ಆಯಿ, ಪೋರ್ಟಲ್ ಓಪನ್ನ ಆಗವಲ್ದು ನೋಡ್ರಿ. ಬರೇ ತಿರಗಾಕತ್ತೈತಿ. ಅವ್ವನ ಫೋನಿಂದ ಹಾಟ್‌ಸ್ಪಾಟ್ ತಗೊಂಡು ನೋಡಿದ್ನಿ, ಆದ್ರೂ ಇಲ್ಲ. ಬ್ಯಾರೆ ಸೈಟ್ ಎಲ್ಲಾ ಬರ್ತಾವ."

ಮೂರು ಸ್ಕ್ರೀನ್‌ಶಾಟ್ ತೆಗೆದಿದ್ದಳು. ಆ ವಿಷಯ ಕಲಿಸುವ ಮೇಡಂಗೆ ಮೆಸೇಜೂ ಟೈಪ್ ಮಾಡಿದ್ದಳು: 'ಮೇಡಂ ಪೋರ್ಟಲ್ ಲೋಡ್ ಆಗಾಕತ್ತಿಲ್ಲ ಏನ್ ಮಾಡ್ಲಿ.' ಕಳಿಸುವುದಷ್ಟೇ ಬಾಕಿ.

ನಾನು ಕೈ ಅಡ್ಡ ಹಿಡಿದೆ. "ಹಿಂಗ ಬರೀತಾರೇನ ಟೀಚರಿಗೆ? ಪ್ರಾಪರ್ ಆಗಿ ಬರಿ. ಕೂಡು."

'ರೆಸ್ಪೆಕ್ಟೆಡ್ ಮೇಡಂ' ಎಂದು ಶುರು ಮಾಡಿಸಿದೆ. ನಂತರ ವಿನಯದ ಎರಡು ಸಾಲು, ಕ್ಷಮೆಯ ಒಂದು ಸಾಲು. 'ಟ್ರಬಲ್' ಬೇಡ, 'ಇನ್‌ಕನ್ವೀನಿಯನ್ಸ್' ಇರಲಿ ಎಂದು ಅಳಿಸಿ ಮತ್ತೆ ಬರೆಸಿದೆ. ರಿಜಿಸ್ಟರ್ ನಂಬರು, ವಿಷಯ, ಯಾವ ಬ್ರೌಸರು, ಎಷ್ಟು ಸಲ ಪ್ರಯತ್ನಿಸಿದಳು ಎಂಬುದೆಲ್ಲ ಕೊನೆಗೆ ಬಂತು. ಬಾಗಿಲಲ್ಲಿ ನಿಂತಿದ್ದ ಅವಳ ಅವ್ವ, ಕೈಯೆಲ್ಲ ರೊಟ್ಟಿ ಹಿಟ್ಟು, ತಡೆಯಲಾರದೆ ಹೇಳಿದಳು: "ಆಯಾರ, ನಿಮ್ಮ ಇಂಗ್ಲಿಷ್ ಮುಗಿಯೂದ್ರಾಗ ಪರೀಕ್ಷೇನ ಮುಗೀತೈತಿ ನೋಡ್ರಿ."

ನಾನು ನಕ್ಕೆ. ಅಷ್ಟಕ್ಕೇ ನಿಲ್ಲಲಿಲ್ಲ. ಫೋಟೋಗಳ ತಲೆಯ ಮೇಲೆ ಗಂಟೆ, ಬ್ಯಾಟರಿ, ವೆಬ್‌ಸೈಟಿನ ವಿಳಾಸ, ಏನೇನೋ ಗಿಜಿಗಿಜಿ. ಅಂಚಿನಲ್ಲಿ ಒಂದು ಚುಕ್ಕೆ ಶಾಯಿ ಬಿದ್ದರೂ ಪುಟವನ್ನೇ ಮತ್ತೆ ಬರೆಸುತ್ತಿದ್ದ ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. "ಮ್ಯಾಲಿಂದು ಕತ್ತರಿಸು, ನೀಟ್ ಕಾಣ್ತೈತಿ" ಎಂದೆ. ವಾಟ್ಸಾಪಿನಲ್ಲೇ ಕ್ರಾಪ್ ಮಾಡಿ ಕಳಿಸಿದಳು. ಆಗ ಹನ್ನೊಂದು ನಲವತ್ತೆರಡು.

ಐದು ನಿಮಿಷಕ್ಕೆ ಮೇಡಂ ವಾಯ್ಸ್ ಮೆಸೇಜ್ ಬಂತು. "ಏನವಾ, ತೊಂದ್ರಿ ಇದ್ರ ಮೊದಲ ಅರ್ಧ ತಾಸಿನಾಗ ತಿಳಸ್ರಿ ಅಂತ ಗ್ರೂಪಿನಾಗ ಹಾಕಿದ್ನಿಲ್ಲ? ಉಳಿದಾವ್ರಿಗೆ ಓಪನ್ ಆಗೈತಿ. ಈ ಫೋಟೋದಾಗ ಟೈಮೂ ಇಲ್ಲ, ಯಾವ ಸೈಟು ಅನ್ನೂದೂ ಇಲ್ಲ. ಎರಡ್ಮೂರು ಮಂದಿ ಹ್ವಾದ ಸಲದ ಫೋಟೋನ ಇವತ್ತಿಂದು ಅಂತ ಕಳಿಸ್ಯಾರ. ಎಕ್ಸಾಮ್ ಸೆಕ್ಷನ್ನಿನಾವ್ರಿಗೆ ನಾ ಏನಂತ ಹೇಳ್ಲಿ?"

ಹುಡುಗಿ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನೇ ಕೇಳಿದೆ: "ಕತ್ತರಿಸಿದ್ದು ತಿರುಗಿ ಬರೂದಿಲ್ಲೇನ?"

ಅವಳು ಗ್ಯಾಲರಿ ತೆರೆದಳು. ವಾಟ್ಸಾಪಿನಲ್ಲಿ ಕತ್ತರಿಸಿದರೆ ಮೂಲ ಫೋಟೋ ಹಾಗೆಯೇ ಉಳಿಯುತ್ತದಂತೆ. ಮೂರೂ ಅಲ್ಲಿದ್ದವು, ತಲೆಯ ಮೇಲಿನ ಗಿಜಿಗಿಜಿಯ ಸಮೇತ: ಹನ್ನೊಂದು ಮೂರು, ಹನ್ನೊಂದು ಎಂಟು, ಹನ್ನೊಂದು ಹದಿಮೂರು. ಪೋರ್ಟಲಿನ ವಿಳಾಸದ ಕೆಳಗೆ 'ಈ ಸೈಟ್ ತಲುಪಲಾಗುತ್ತಿಲ್ಲ' ಎಂಬ ಬೂದು ಅಕ್ಷರ. ಏನನ್ನೂ ಮುಟ್ಟದೆ, ಇದ್ದಂತೆಯೇ ಹೋಗಲೆಂದು ಡಾಕ್ಯುಮೆಂಟ್ ಆಗಿ ಮೂರನ್ನೂ ಕಳಿಸಿದಳು. ಪೋರ್ಟಲ್ ಇನ್ನೊಮ್ಮೆ ತೆರೆಯಲು ನೋಡುತ್ತ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ ಅದನ್ನೂ ಕಳಿಸಿದಳು. ಹನ್ನೊಂದು ಐವತ್ತೊಂದಾಗಿತ್ತು.

"ತಡಾ ಯಾಕಾತು ಅಂತ ಕೇಳಿದ್ರ ಏನ್ ಹೇಳ್ಲಿರಿ ಆಯಿ?" ಎಂದಳು, ಮೆಲ್ಲಗೆ.

"ಫೋನ್ ಇಲ್ಲಿ ಕೊಡು."

ವಾಯ್ಸ್ ಬಟನ್ ಅವಳೇ ಒತ್ತಿ ಹಿಡಿದಳು. ನಾನು ಹೇಳಿದೆ: "ಮೇಡಂ, ನಾ ಬಾಜೂ ಮನಿ ಮುದುಕಿರಿ. ಹುಡುಗಿ ಹನ್ನೊಂದೂಕಾಲಕ್ಕ ಮೆಸೇಜ್ ಬರದಿಟ್ಟಿದ್ಲು. ತಿದ್ದತೇನಿ ಅಂತ ತಡಾ ಮಾಡಿದಾಕಿ ನಾನ. ಫೋಟೋ ಕತ್ತರಿಸಿದ್ದೂ ನನ್ನ ಮಾತಿಗೇನ. ತಪ್ಪು ಆಕೀದಲ್ಲ." ಎಷ್ಟೋ ವರ್ಷಗಳ ನಂತರ ಟೀಚರೊಬ್ಬರ ಮುಂದೆ ತಪ್ಪು ಒಪ್ಪಿಕೊಂಡಿದ್ದೆ. ಒಂದೂ ಇಂಗ್ಲಿಷ್ ಶಬ್ದ ನೆನಪಿಗೆ ಬರಲಿಲ್ಲ.

ಹನ್ನೆರಡಾಯಿತು. ಟೆಸ್ಟ್ ಮುಗಿಯಿತು. ಅವರ ಮನೆಯ ಒಲೆಯಿಂದ ರೊಟ್ಟಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

ಒಂದೂವರೆಗೆ ಉತ್ತರ ಬಂತು: 'ಎಕ್ಸಾಮ್ ಸೆಕ್ಷನ್‌ಗೆ ಕಳಿಸಿದ್ದೇನೆ. ನಾಲ್ಕು ಗಂಟೆಗೆ ನಿನಗೆ ಮತ್ತೆ ಲಿಂಕ್ ತೆರೆಯುತ್ತಾರೆ. ಕಾಲೇಜಿನ ಲ್ಯಾಬಿಗೇ ಬಾ.' ಹುಡುಗಿ ಊಟ ಮಾಡದೆ ಬಸ್ಸಿಗೆ ಓಡಿದಳು. ಬರೆದಳು, ಪಾಸೂ ಆದಳು.

ಮುಂದಿನ ಟೆಸ್ಟಿನ ದಿನ ಪೋರ್ಟಲ್ ಮತ್ತೆ ಕೈಕೊಟ್ಟಿತಂತೆ. ನನಗೆ ತಿಳಿದದ್ದು ಸಂಜೆ. ಅವಳು ಕಳಿಸಿದ್ದ ಮೆಸೇಜ್ ತೋರಿಸಿದಳು. ಒಂದೇ ಸಾಲು, ರಿಜಿಸ್ಟರ್ ನಂಬರು, ಕತ್ತರಿಸದ ಫೋಟೋ; ಹನ್ನೊಂದು ನಾಲ್ಕಕ್ಕೆ ಕಳಿಸಿದ್ದು. 'ರೆಸ್ಪೆಕ್ಟೆಡ್' ಇರಲಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. "ಗುಡ್" ಎಂದು ಫೋನು ತಿರುಗಿ ಕೊಟ್ಟೆ. ಅಂದಿನಿಂದ ಅವಳು ಏನನ್ನೂ ತಿದ್ದಿಸಿಕೊಳ್ಳಲು ತಂದಿಲ್ಲ.