ಪಂಚಮಿ ದಿನ ಹಂಚು ಇಟ್ಟ ಯಂತ್ರ

ಮಕ್ಕಳೇ, ನಮ್ಮ ರೊಟ್ಟಿ ವ್ಯಾಪಾರದಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸ, ಮಾತಾಡುವುದು ನಿಮ್ಮ ಅಜ್ಜನ ಕೆಲಸ ಆಗಿತ್ತು. ಅವರು ಹೋದ ಮೇಲೆ ಫೋನು ನನ್ನ ಕೈಗೆ ಬಂತು. ಅದು ರಿಂಗಾದರೆ ಎತ್ತಲು ನನಗೆ ಭಯ. ಏಳನೇ ತರಗತಿವರೆಗೆ ಓದಿದವಳು, ಬರೆಯಲು ಬರುತ್ತದೆ. ಗೊತ್ತಿಲ್ಲದವರ ಜೊತೆ ಮಾತಾಡಲು ಮಾತ್ರ ಬಾಯಿ ಬರುವುದಿಲ್ಲ. ನಿಮ್ಮ ಅವ್ವ ಹಗಲೆಲ್ಲ ಅಂಗನವಾಡಿಯಲ್ಲಿ ಇರುತ್ತಾಳೆ. ಗಿರಾಕಿಗಳಿಗೆ ಉತ್ತರ ಹೋಗುವಷ್ಟರಲ್ಲಿ ಸಂಜೆ ಆಗುತ್ತಿತ್ತು.

ಆಗಲೇ ಕೊಟ್ಟೂರಿಗೆ ಒಬ್ಬ ತರಬೇತಿದಾರ ಬಂದದ್ದು. ಮನೆಯಲ್ಲೇ ವ್ಯಾಪಾರ ಮಾಡುವ ಹೆಂಗಸರಿಗೆ ಕೃತಕ ಬುದ್ಧಿಮತ್ತೆ ಕಲಿಸುತ್ತಾನಂತೆ. ಉರಿಬಿಸಿಲಲ್ಲಿ ಕೋಟು ಹಾಕಿಕೊಂಡು ಬಂದಿದ್ದ. ಗೋಡೆಯ ಮೇಲೆ ನೀಲಿ ಬಣ್ಣದ ಮೆದುಳಿನ ಚಿತ್ರ ಬಿಟ್ಟ. ಅದರಿಂದ ಮಿಂಚು ಹೊರಡುತ್ತಿತ್ತು. ಉಪ್ಪಿನಕಾಯಿ ಮಾಡುವವರು, ಕುಪ್ಪಸ ಹೊಲಿಯುವವರು, ನಾವು, ಎಲ್ಲರೂ ಕಣ್ಣು ಬಿಟ್ಟು ಕೂತೆವು.

"ನಿಮ್ಮ ಡೇಟಾ ಎಲ್ಲಿದೆ?" ಎಂದು ಕೇಳಿದ.

ನನ್ನ ಪಕ್ಕದ ಹೊಲಿಗೆಯವಳು, "ಮನ್ಯಾಗ ಐತ್ರಿ, ತರಬೇಕಿತ್ತೇನ್ರಿ?" ಅಂದಳು. ಅವನಿಗೆ ನಗಲೂ ಬರಲಿಲ್ಲ.

ಡೇಟಾ ವಿಜ್ಞಾನ ಓದದವರಿಗೆ ಇದೆಲ್ಲ ಆಗದ ಮಾತು, ಅದಕ್ಕೇ ತಾನು ಇರುವುದು ಎಂದ. ನಮ್ಮ ಫೋನಿನಲ್ಲಿ ಯಂತ್ರವನ್ನು ಕೂರಿಸಿ ಕೊಡುತ್ತಾನೆ, ಗಿರಾಕಿ ಏನು ಕೇಳಿದರೂ ಅದೇ ಉತ್ತರ ಕಳಿಸುತ್ತದೆ, ನಾವು ಕಾಲು ಚಾಚಿ ಕೂರಬಹುದು. ಕಾಲು ಚಾಚಿ ಕೂತು ರೊಟ್ಟಿ ಬಡಿದವರನ್ನು ನಾನಂತೂ ಕಂಡಿಲ್ಲ. ಆದರೂ, ಇನ್ನು ಮಾತಾಡುವ ಕಾಟ ತಪ್ಪಿತಲ್ಲ ಎಂಬ ಆಸೆಗೆ ನಾನೇ ನಿಮ್ಮ ಅವ್ವನಿಗೆ, "ಹಾಕಿಸಿಬಿಡವಾ" ಅಂದೆ. ನನ್ನ ದಡ್ಡತನವನ್ನೂ ಬರೆಯುತ್ತೇನೆ, ಅವನದನ್ನು ಮಾತ್ರ ಬರೆದರೆ ನ್ಯಾಯವಲ್ಲ.

ಅವನು ಯಂತ್ರಕ್ಕೆ ತಿಳಿಸಿದ್ದು ಇಷ್ಟು: ಜೋಳದ ರೊಟ್ಟಿಗೆ ಇಷ್ಟು, ಸಜ್ಜಿ ರೊಟ್ಟಿಗೆ ಇಷ್ಟು, ಶೇಂಗಾ ಚಟ್ನಿಗೆ ಇಷ್ಟು. ನಮ್ಮನ್ನು ಒಂದು ಮಾತು ಕೇಳಲಿಲ್ಲ.

ಶ್ರಾವಣ ಹತ್ತಿರ ಬಂತು. ನಮ್ಮ ಕಡೆ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಅಷ್ಟರೊಳಗೆ ಎಲ್ಲ ರೊಟ್ಟಿ ಸುಟ್ಟು ಮುಗಿಸಬೇಕು. ಪಂಚಮಿ ದಿನ ಒಲೆಯ ಮೇಲೆ ಹಂಚು ಇಟ್ಟರೆ ನಾಗಪ್ಪನ ಹೆಡೆ ಸುಟ್ಟ ಹಾಗೆ. ಹರಪನಹಳ್ಳಿಯ ಒಬ್ಬ ಅಂಗಡಿಯಾಕೆ ವರ್ಷವೂ ರೊಟ್ಟಿ ಹಬ್ಬಕ್ಕೆ ನಮ್ಮಿಂದ ಒಂದು ಸಾವಿರ ಕಡಕ್ ರೊಟ್ಟಿ ಒಯ್ಯುತ್ತಾಳೆ. ನಮ್ಮ ಜೊತೆ ಬಡಿಯುವ ನಾಲ್ಕು ಹೆಂಗಸರಿಗೆ ಹಬ್ಬದ ಸೀರೆ ಬರುವುದು ಅದರಿಂದಲೇ. ಆ ಸಲ ಆಕೆ ಫೋನಿಗೆ ಬರೆದು ಕೇಳಿದಳು: ಪಂಚಮಿಗೆ ರೊಟ್ಟಿ ಯಾವಾಗ ಕಳಿಸುತ್ತೀರಿ?

ನಾನು ಹಿಟ್ಟು ನಾದುತ್ತಿದ್ದೆ. ಯಂತ್ರ ನಾದುತ್ತಿರಲಿಲ್ಲ. ಅದು ತಕ್ಷಣ ಉತ್ತರ ಕಳಿಸಿತು: "ಗೌರವಾನ್ವಿತ ಗ್ರಾಹಕರೇ, ಪಂಚಮಿಯ ಶುಭದಿನದಂದೇ ಮುಂಜಾನೆ ಬಿಸಿಬಿಸಿಯಾಗಿ ರೊಟ್ಟಿ ತಯಾರಿಸಿ ತಮಗೆ ತಲುಪಿಸುತ್ತೇವೆ!"

ಅರ್ಧ ಗಂಟೆಯಲ್ಲಿ ಆಕೆಯ ದನಿಸಂದೇಶ ಬಂತು. ಒಲೆಯ ಮುಂದೆ ನಾವು ಐದೂ ಜನ ಕೂತು ಕೇಳಿದೆವು.

"ಏನವಾ ತಂಗಿ, ಗಂಡ ಹೋದ ಮ್ಯಾಲೆ ದೇವರೂ ಬ್ಯಾಡಾದ್ನೇನು? ಪಂಚಮಿ ದಿನ ಹಂಚ ಇಡೋ ಮನಿ ರೊಟ್ಟಿ ನನ್ನ ಅಂಗಡ್ಯಾಗ ಇಟ್ರ ಯಾರ ಮುಟ್ತಾರ? ಈ ಸಲ ಬ್ಯಾಡ ಬಿಡು. ಹಡಗಲಿಯವರಿಗೆ ಹೇಳ್ತೀನಿ."

ಬಡಿಯುವವರಲ್ಲಿ ಹಿರಿಯಾಕೆ, "ಗೌರವಾನ್ವಿತ ಅಂತ ಕರದು ಬೈಸಿಕೊಂಡವರು ನಾವ ಮೊದಲಿಗರು" ಅಂದಳು.

ಸಂಜೆ ನಿಮ್ಮ ಅವ್ವ ಆ ತರಬೇತಿದಾರನಿಗೆ ಫೋನು ಹಚ್ಚಿದಳು. ಅವನು, "ಇದು ಅಪರೂಪದ ಪ್ರಕರಣ ಮೇಡಂ, ಸಾವಿರಕ್ಕೊಂದು" ಎಂದ. ವರ್ಷ ವರ್ಷ ಬರುವ ಪಂಚಮಿ ಅವನಿಗೆ ಅಪರೂಪ! ಇನ್ನೊಂದಿಷ್ಟು ರೊಕ್ಕ ಕೊಟ್ಟರೆ ಹಬ್ಬಗಳ ಪಟ್ಟಿ ಸೇರಿಸುತ್ತಾನಂತೆ. ನಿಮ್ಮ ಅವ್ವ ಫೋನು ಇಟ್ಟು, ಆ ತಾನಾಗಿಯೇ ಉತ್ತರ ಕಳಿಸುವುದನ್ನು ಬಂದ್ ಮಾಡಿದಳು. ಆಮೇಲೆ ಫೋನಿನಲ್ಲೇ ಅಂಥದೇ ಇನ್ನೊಂದು ಯಂತ್ರವನ್ನು ತೆರೆದಳು, ದುಡ್ಡು ಕೊಡದೆ ಸಿಗುವಂಥದು. "ಅತ್ತಿ, ಇದು ಕರಡು ಬರದು ತೋರಸ್ತೈತಿ, ತಾನ ಕಳಸಂಗಿಲ್ಲ. ನೀವು ಬಾಯಿಲೆ ಹೇಳ್ರಿ ಸಾಕು."

ಮನುಷ್ಯರೆದುರು ಬಾರದ ಮಾತು ಅದರೆದುರು ಬಂತು. ಅದಕ್ಕೆ ಮುಖ ಇಲ್ಲವಲ್ಲ. ನಮ್ಮ ಮನೆಯ ಕಟ್ಟಲೆಯನ್ನೆಲ್ಲ ಹೇಳಿದೆ: ಪಂಚಮಿಗೆ ಹಂಚು ಇಡುವುದಿಲ್ಲ. ಕಡಕ್ ರೊಟ್ಟಿ ಮಾತ್ರ ಬಸ್ಸಿಗೆ ಹಾಕುತ್ತೇವೆ, ಮೆತ್ತನೆಯದನ್ನು ಹಾಕುವುದಿಲ್ಲ. ಚಟ್ನಿಗೆ ಬಳ್ಳೊಳ್ಳಿ ಇರುತ್ತದೆ, ಬೇಡ ಅಂದವರು ಮೊದಲೇ ಹೇಳಬೇಕು. ಗೊತ್ತಿಲ್ಲದ್ದನ್ನು ಕೇಳಿದರೆ "ಮನೆಯವರನ್ನು ಕೇಳಿ ಹೇಳುತ್ತೇವೆ" ಅನ್ನು, ನೀನೇ ಹುಟ್ಟಿಸಬೇಡ. ನಿಮ್ಮ ಅವ್ವ ಅದನ್ನೆಲ್ಲ ಒಂದು ಪುಟವಾಗಿ ಉಳಿಸಿದಳು. ದಿನಾ ಕೆಲಸ ಶುರು ಮಾಡುವ ಮೊದಲು ಅದಕ್ಕೆ ಆ ಪುಟ ಕೊಡುವುದು. ಕೋಟು ಹಾಕಿಕೊಂಡು ಕಲಿಸುವ ವಿದ್ಯೆ ಇಷ್ಟೇ ಇತ್ತು. ಮನೆಗೆ ಬಂದ ಹೊಸ ಸೊಸೆಗೆ ಹೇಳುವುದಿಲ್ಲವೇ, ಹಾಗೆ.

ಮೊದಲು ಅಂಗಡಿಯಾಕೆಗೆ ಪತ್ರ ಬರೆಸಿದೆವು. ಅದು ಬರೆದದ್ದು: "ತಾಂತ್ರಿಕ ದೋಷದಿಂದ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ." ನಾನು ನಕ್ಕುಬಿಟ್ಟೆ. ಸರಕಾರಿ ಕಚೇರಿಯ ಬಾಗಿಲಿಗೆ ಅಂಟಿಸುವ ಮಾತು.

"ಹಿಂಗ ಬ್ಯಾಡ. ಸಣ್ಣದು ಮಾಡು. ತಪ್ಪು ನಮ್ಮದ ಅಂತ ಬರಿ" ಎಂದೆ. ಮೂರನೇ ಸಲಕ್ಕೆ ದಾರಿಗೆ ಬಂತು. ಕೊನೆಯ ಸಾಲನ್ನು ನಾನೇ ತಿದ್ದಿದೆ, ಹೀಗೆ ಕಳಿಸಿದೆವು: "ಅಕ್ಕಾ, ಫೋನಿನಲ್ಲಿ ಉತ್ತರ ಕೊಡಲು ಒಂದು ಯಂತ್ರ ಇಟ್ಟಿದ್ದೆವು. ಅದಕ್ಕೆ ಪಂಚಮಿ ಕಟ್ಟಲೆ ಗೊತ್ತಿರಲಿಲ್ಲ, ನಾವು ಹೇಳಿರಲಿಲ್ಲ. ತಪ್ಪು ನಮ್ಮದು. ರೊಟ್ಟಿ ಎಂದಿನಂತೆ ಮೊದಲೇ ಸುಟ್ಟು ರೊಟ್ಟಿ ಹಬ್ಬದ ಬೆಳಿಗ್ಗೆ ಬಸ್ಸಿಗೆ ಹಾಕುತ್ತೇವೆ. ನಮ್ಮ ಮನೆಯಲ್ಲಿ ಆ ದಿನ ಹಂಚು ಇಟ್ಟವರಿಲ್ಲ."

ಮರುದಿನ ಉತ್ತರ: "ಅರ್ಧ ಹಡಗಲಿಯವರಿಗೆ ಹೇಳೀನಿ, ಮಾತು ತಿರುಗಸಾಕ ಬರಂಗಿಲ್ಲ. ಐದನೂರು ಕಳಸು."

ಅರ್ಧ ಉಳಿಯಿತು. ಹಬ್ಬಕ್ಕೆ ಮುಂಚೆ ಎರಡು ದಿನ ನಾಲ್ಕು ಹೆಂಗಸರಿಗೂ ಕೈಗೆ ಕೆಲಸವಿಲ್ಲ. ಅವರ ಮನೆಗೆ ಹೋಗಿ ನಾನೇ ಹೇಳಿ ಬಂದೆ. ಆ ಮಾತು ಯಂತ್ರದಿಂದ ಹೇಳಿಸುವಂಥದಾಗಿರಲಿಲ್ಲ.

ಅಂದಿನಿಂದ ಆ ಕರಡು ಬರೆಯುವ ಯಂತ್ರ ನಮ್ಮಲ್ಲಿ ಗೇಯುತ್ತದೆ. ಲೆಕ್ಕದ ವಹಿಯ ಪುಟದ ಫೋಟೋ ಕೊಟ್ಟು, ಈ ವಾರ ಎಷ್ಟು ಜೋಳ ಬೀಸಿಸಬೇಕು ಎಂದು ಕೇಳುತ್ತೇವೆ. ಲೆಕ್ಕ ಹಾಕಿ ಕೊಡುತ್ತದೆ. ಆದರೆ ನನ್ನ ಅಕ್ಷರದಲ್ಲಿ ಒಂದನ್ನು ಏಳು ಅಂತ ಓದುತ್ತದೆ, ಅದಕ್ಕೆ ನಾನು ಇನ್ನೊಮ್ಮೆ ನೋಡುತ್ತೇನೆ. ಉದ್ದುದ್ದ ದನಿಸಂದೇಶಗಳನ್ನು ಅಕ್ಷರಕ್ಕೆ ಇಳಿಸಿ, ಸಾರ ಮೂರು ಸಾಲಲ್ಲಿ ಹೇಳುತ್ತದೆ. ಕೂಡ್ಲಿಗಿಯ ಒಬ್ಬ ಖಾನಾವಳಿಯವನ ಐದು ನಿಮಿಷದ ಮಾತಿನಲ್ಲಿ ಇದ್ದದ್ದು "ನಾಳೆ ನೂರು ಬೇಕು" ಅಷ್ಟೇ. ಅದು ಬರೆದ ಉತ್ತರವನ್ನು ನಾವು ಓದದೆ ಒಂದನ್ನೂ ಕಳಿಸುವುದಿಲ್ಲ.

ಆ ತರಬೇತಿದಾರ ತಿಂಗಳ ಮೇಲೆ ಬರೆದ: ನಿಮ್ಮ ಯಶಸ್ಸಿನ ಕಥೆಯನ್ನು ಫೋಟೋ ಸಮೇತ ನಮ್ಮ ತರಬೇತಿಯಲ್ಲಿ ತೋರಿಸಬಹುದೇ? ಯಾವ ಯಶಸ್ಸು, ಯಾರದು? ಯಂತ್ರ ಅದಕ್ಕೆ ಎಂಟು ಸಾಲಿನ ವಿನಯದ ಉತ್ತರ ಬರೆದುಕೊಟ್ಟಿತು. ಏಳೂವರೆ ಸಾಲು ಅಳಿಸಿ "ಆಗುವುದಿಲ್ಲ" ಎಂಬುದನ್ನಷ್ಟೇ ಕಳಿಸಿದೆ.

ಅಂಗಡಿಯಾಕೆಯ ಮಾತು ಹೇಳಬೇಕು. ಆ ಸಲದ ರೊಟ್ಟಿ ಹಬ್ಬದ ದಿನ ಮಧ್ಯಾಹ್ನ ಆಕೆಯ ದನಿಸಂದೇಶ ಬಂದಿತ್ತು: "ತಂಗಿ, ನಿನ್ನವು ಹನ್ನೆರಡಕ್ಕ ಖಾಲಿ. ಹಡಗಲಿಯವು ಹಂಗ ಕುಂತಾವ, ದಪ್ಪ ಬಡದಾರ. ಇನ್ನ ಇದ್ರ ಸಂಜಿ ಬಸ್ಸಿಗೆ ಹಾಕ ಮಾರಾಯ್ತಿ."

ನಮ್ಮಲ್ಲಿ ಒಂದೂ ಇರಲಿಲ್ಲ. ಬಡಿಯುವವರು ಅವರವರ ಮನೆಯ ಹಬ್ಬದಲ್ಲಿದ್ದರು. ಅದಕ್ಕೆ ಯಂತ್ರ ಬೇಕಾಗಲಿಲ್ಲ, ನಾನೇ ಬರೆದೆ: "ಇಲ್ಲ ಅಕ್ಕಾ. ನೀವು ಕೇಳಿದ್ದು ಐದನೂರು."

ಆಕೆಯ ಉತ್ತರ ಬಂತು: "ಹೌದವಾ. ಬರೋ ವರ್ಷ ಸಾವಿರ ನಿನಗ. ಆದ್ರ ಆ ಗೌರವಾನ್ವಿತನ ಕೈಲೆ ಉತ್ತರ ಕಳಸಬ್ಯಾಡ."