ಟೀವಿಯ ಹಿಂದಿನ ಸಣ್ಣ ತೂತು

ಊರ ಹೊರಗಿನ ಕರೂರಿನ ವರ್ಕ್‌ಶಾಪಿನಿಂದ ಡ್ಯೂಟಿ ಮುಗಿಸಿ ಬರುತ್ತಿದ್ದೆ. ಮೇಲಿನ ಮನೆಯ ಹೆಣ್ಣುಮಗಳು ಮೆಟ್ಟಿಲಲ್ಲೇ ನಿಲ್ಲಿಸಿ, "ಅಣ್ಣಾರ, ನಿಮ್ಮ ಮನೆಯವ್ರು ಎಷ್ಟ್ ಚಂದ ಹಾಡ್ತಾರ್ರಿ! ನಿನ್ನೆ ನಮ್ಮನ್ಯಾಗ ಕರೋಕೆ ಮೈಕ್ ಕೈಗೆ ಕೊಟ್ವಿ, ಎಲ್ಲಾರೂ ಗಪ್‌ಚುಪ್ ಆಗಿಬಿಟ್ವಿ" ಎಂದರು. ಹೌದ್ರಿ ಎಂದು ನಕ್ಕು ಒಳಗೆ ಬಂದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಆ ಹಾಡನ್ನು ನಾನೇ ಒಮ್ಮೆಯೂ ಕೂತು ಕೇಳಿರಲಿಲ್ಲ.

ಕೇಳದ ಹಾಗೆ ಮಾಡಿಕೊಂಡವನೂ ನಾನೇ. ಮದುವೆಗೆ ಮುಂಚೆ ಅವಳು ಹರಿಹರದ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಅವಳ ತಮ್ಮ ಅದೇ ತಂಡದ ಮೈಕು, ವೈರು ನೋಡಿಕೊಳ್ಳುತ್ತಿದ್ದ. ಮದುವೆಯಾದ ತಿಂಗಳಲ್ಲೇ ಅವನು ಭಾನುವಳ್ಳಿಯ ಒಂದು ಕಾರ್ಯಕ್ರಮಕ್ಕೆ ಅಕ್ಕನನ್ನು ಕರೆಯಲು ಬಂದ. "ನನ್ನ ಹೆಂಡ್ತಿ ಸ್ಟೇಜ್ ಹತ್ತಿ ದುಡೀಬೇಕಾಗಿಲ್ಲ" ಎಂದುಬಿಟ್ಟೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ಆಮೇಲೆ ಮನೆಯಲ್ಲಿ ಅವಳು ಹಾಡಲೇ ಇಲ್ಲ. ಬಟ್ಟೆ ಮಡಚುವಾಗ ಗುನುಗುವುದು ಕೇಳಿಸುತ್ತಿತ್ತು. ನಾನು ಹತ್ತಿರ ಹೋದರೆ ಅದೂ ನಿಲ್ಲುತ್ತಿತ್ತು.

ಮೇಲಿನ ಮನೆಯವರ ಮಾತು ಕೇಳಿದ ವಾರವೇ ಪೇಟೆಗೆ ಹೋಗಿ ವೈರ್ ಇಲ್ಲದ ಮೈಕ್ ತಂದೆ. ಜೊತೆಗೊಂದು ಸಣ್ಣ ರಿಸೀವರ್ ಡಬ್ಬಿ, ಅದಕ್ಕೆ ದಪ್ಪ ಪಿನ್ನು. ಟೀವಿಯ ಹಿಂದೆ ನೋಡಿದರೆ ತೂತು ಸಣ್ಣದು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕಲಿತಿದ್ದೆಲ್ಲ ಲೇತ್ ಮಷೀನಿನ ಮುಂದೆ. ಕೊರೆದ ತೂತಿನೊಳಗೆ ಶಾಫ್ಟು ಬಿಗಿಯಾಗಿ ಕೂತರೆ ಕೆಲಸ ಸರಿ ಅನ್ನುವುದು ನನ್ನ ಲೆಕ್ಕ. ಅಂಗಡಿಗೆ ಹೋಗಿ ದಪ್ಪ ಪಿನ್ನನ್ನು ಸಣ್ಣ ತೂತಿಗೆ ಕೂರಿಸುವ ಕನ್ವರ್ಟರ್ ತಂದೆ. ಟಕ್ ಎಂದು ಕೂತಿತು. ಮೈಕಿನಲ್ಲಿ "ಹಲೋ" ಎಂದೆ. ಮೈಕಿನ ದನಿ ಬರಲಿಲ್ಲ, ಬರುತ್ತಿದ್ದ ಟೀವಿಯ ದನಿಯೂ ನಿಂತಿತು.

"ಬಿಡ್ರಿ, ಯಾಕ ಒದ್ದಾಡ್ತೀರಿ?" ಎಂದಳು ಹೆಂಡತಿ.

"ಕೂತೈತೆ, ಕೆಲಸ ಮಾಡ್ಲೇಬೇಕು."

ಮಾಡಲಿಲ್ಲ. ಟೀವಿ ಬಿಟ್ಟು, ಅದರ ಕೆಳಗಿದ್ದ ಸೌಂಡ್‌ಬಾರ್ ಎಂಬ ಉದ್ದ ಸ್ಪೀಕರಿನಲ್ಲಿ ಆಕ್ಸ್ ಎಂದು ಬರೆದಿದ್ದ ತೂತಿಗೆ ಹಾಕಿದೆ. ರಿಮೋಟಿನಲ್ಲಿ ಆಕ್ಸ್ ಒತ್ತಿದರೆ ಮೈಕ್ ಮಾತಾಡಿತು, ಟೀವಿಯ ಸಂಗೀತ ಹೋಯಿತು. ಟೀವಿಗೆ ತಿರುಗಿಸಿದರೆ ಸಂಗೀತ ಬಂತು, ಮೈಕ್ ಸತ್ತಿತು. ಎರಡು ಭಾನುವಾರ ಹೀಗೇ ಕಳೆದವು. ಅವಳು ಮೈಕನ್ನು ಡಬ್ಬಿಗೆ ಹಾಕಿ, "ವಾಪಸ್ ಕೊಟ್ಟುಬಿಡ್ರಿ" ಎಂದಾಗ ನನಗೆ ಹೆದರಿಕೆಯಾಯಿತು. ಇನ್ನು ಇವಳ ಹಾಡು ನನ್ನ ಪಾಲಿಗೆ ಇಲ್ಲವೇ ಇಲ್ಲ ಅನಿಸಿತು.

ಅವಳ ತಮ್ಮ ಈಗ ಹರಿಹರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಹಬ್ಬಕ್ಕೆ ಬರುತ್ತಾನೆ, ಹೋಗುತ್ತಾನೆ. ನಮ್ಮಿಬ್ಬರ ನಡುವೆ ಸ್ಟೇಜಿನ ಆ ಮಾತು ಹಾಗೇ ಉಳಿದಿತ್ತು. ಫೋನ್ ಹಿಡಿದು ಹೊರಗೆ ಹೋದೆ.

"ಒಂದ್ ಮೈಕ್ ಕೂಡ್ಸಬೇಕಿತ್ತು."

"ಯಾರ್ ಹಾಡೋಕೆ, ಭಾವ?"

"ನಿಮ್ಮಕ್ಕ."

"ಇವತ್ತೇ ಬರ್ತೀನಿ" ಎಂದ.

ಬಂದವನು ಟೀವಿಯ ಹಿಂದೆ ಬಗ್ಗಿ ನಕ್ಕ. "ಭಾವ, ಇದು ಹೆಡ್‌ಫೋನ್ ತೂತು. ದನಿ ಹೊರಗ ಬಿಡ್ತೈತೆ, ಒಳಗ ತಗೊಳ್ಳಂಗಿಲ್ಲ. ನೀವು ಕಿವಿ ಬಿಟ್ಟು ಬಾಯಿಗೆ ಹೋಗಿ ಕಿವಿಮಾತು ಹೇಳಿದಂಗಾತು!"

"ಕೂತಿತ್ತಲ್ಲ ಮಾರಾಯ."

"ಕೂತಿದ್ದೆಲ್ಲ ಕೂಡೋದಿಲ್ಲ. ಈ ಬಾರು ಒಂದ್ ಸಲಕ್ಕೆ ಒಬ್ಬರ ಮಾತೇ ಕೇಳ್ತೈತೆ. ಇಬ್ರನ್ನೂ ಮೊದ್ಲು ಒಂದು ಮಾಡಿ ಕಳಿಸ್ಬೇಕು."

ಚೀಲದಿಂದ ಎರಡು ದನಿ ಬೆರೆಸುವ ಅಂಗೈಯಗಲದ ಮಿಕ್ಸರ್ ತೆಗೆದ. ಅದೇ ಹೆಡ್‌ಫೋನ್ ತೂತಿನಿಂದ ಟೀವಿಯ ಸಂಗೀತವನ್ನು ಮಿಕ್ಸರಿಗೆ ತಂದ. ರಿಸೀವರಿನ ದಪ್ಪ ಪಿನ್ನನ್ನೂ ಅದಕ್ಕೇ ಚುಚ್ಚಿದ. ಅಲ್ಲಿಂದ ಒಂದೇ ವೈರು ಸೌಂಡ್‌ಬಾರಿನ ಆಕ್ಸಿಗೆ. ಟೀವಿಯಲ್ಲಿ ಬರೀ ವಾದ್ಯದ ಹಾಡು ಶುರುವಾಯಿತು, ಕೆಳಗೆ ಹಾಡಿನ ಸಾಲುಗಳು ಬಂದವು. ಮೈಕನ್ನು ಅಕ್ಕನಿಗೆ ಕೊಟ್ಟ.

ಅವಳು ಟೀವಿಗೆ ಎದುರಾಗಿ ನಿಂತು ಬಾಯಿ ತೆರೆಯುವಷ್ಟರಲ್ಲಿ ಸೌಂಡ್‌ಬಾರು ಕುಯ್ ಎಂದು ಕೂಗಿಕೊಂಡಿತು. ನಾನು ರಿಮೋಟಿಗೆ ಕೈ ಹಾಕಿದೆ. "ಬ್ಯಾಡ ಬಿಡ್ರಿ" ಎಂದು ಅವಳೇ ತಡೆದಳು. ಮೈಕನ್ನು ಸ್ಪೀಕರಿನ ಕಡೆ ಹಿಡಿಯಬಾರದೆಂದು ಅವಳಿಗೆ ಗೊತ್ತಿತ್ತು. ಸೌಂಡ್‌ಬಾರಿಗಿಂತ ಒಂದು ಹೆಜ್ಜೆ ಹಿಂದಕ್ಕೆ, ಟೀವಿಯ ಪಕ್ಕಕ್ಕೆ ಹೋಗಿ, ನಮ್ಮ ಕಡೆ ಮುಖ ಮಾಡಿ ನಿಂತಳು. ಕೂಗು ನಿಂತಿತು.

"ಎಕೋ ಭಾಳ ಆತೋ, ಕಡಿಮಿ ಮಾಡು" ಎಂದಳು ತಮ್ಮನಿಗೆ.

"ಆತಕ್ಕ" ಎಂದು ಅವನು ಗುಂಡಿ ತಿರುಗಿಸಿದ. ಆ ಎರಡು ಮಾತು ಎಷ್ಟು ಸಲೀಸಾಗಿ ಬಂದವೆಂದರೆ, ನಾನು ಎಂದೂ ಹೋಗಿ ನೋಡದ ಆ ಸ್ಟೇಜು ನಮ್ಮ ಪಡಸಾಲೆಯಲ್ಲೇ ಇದ್ದ ಹಾಗಾಯಿತು.

ಹಾಡಿದಳು. ದನಿ ತಗ್ಗಿನದು, ಸಾಲಿನ ಕೊನೆಗಳಲ್ಲಿ ಸ್ವಲ್ಪ ಒಡೆಯುತ್ತಿತ್ತು. ಮೊದಲು ಹೇಗಿತ್ತೋ ಅವಳ ತಮ್ಮನಿಗೆ ಗೊತ್ತು, ನನಗೆ ಗೊತ್ತಿಲ್ಲ. ಸಾಲುಗಳು ಅವಳ ಪಕ್ಕದ ಟೀವಿಯಲ್ಲಿ ಬಣ್ಣ ಬದಲಿಸುತ್ತ ಹೋದವು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಎಲ್ಲವೂ ಬಾಯಿಗೆ ಬರುತ್ತಿತ್ತು.

ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಎದುರಿಗೆ ಕೂತೆ.